40 ಸೆಂಟ್ಸ್ ಜಾಗದ ಬೇಲಿ: ಅಡಿಗೆ 105 ರೂಪಾಯಿಯೋ, 180 ರೂಪಾಯಿಯೋ?

ಪ್ರಶ್ನೆ: ಬದಿಯಡ್ಕದಿಂದ ಸ್ವಲ್ಪ ಒಳಗೆ ನಮಗೆ 40 ಸೆಂಟ್ಸ್ ಜಾಗ ಇದೆ. ಮೂಡು ಬದಿ ರಸ್ತೆ, ಅಲ್ಲಿ 110 ಅಡಿ. ಬಡಗು 168 ಅಡಿ. ಪಡು ಬದಿ ತೋಡಿಗೆ ತಾಗಿ 96 ಅಡಿ. ತೆಂಕು ಬದಿಗೆ ನಡುವೆ ಒಂದು ತಿರುವು ಇದ್ದು 92 ಮತ್ತು 84 ಅಡಿ. ರಸ್ತೆಗೆ, ಬಡಗು ಮೂಲೆಯಿಂದ 30 ಅಡಿ ಬಿಟ್ಟು, 12 ಅಡಿಯ ಗೇಟು ಬೇಕು. ಮುಳ್ಳುತಂತಿ ಬೇಲಿಗೆ ಒಬ್ಬ ಕಂಟ್ರಾಕ್ಟರ್ ಅಡಿಗೆ 105 ರೂಪಾಯಿ ಅಂದರು, ಇನ್ನೊಬ್ಬರು 180 ಅಂದರು. ಸುತ್ತಲೂ ಕೆಂಪುಕಲ್ಲಿನ ಪಾಗಾರವೇ ಕಟ್ಟಿಬಿಡುವ ಅಂತ ಮನೆಯಲ್ಲಿ ಹೇಳುತ್ತಾರೆ. ಯಾರ ಮಾತು ಸರಿ, ಒಟ್ಟು ಎಷ್ಟು ದುಡ್ಡು ಇಟ್ಟುಕೊಳ್ಳಬೇಕು?

ಉತ್ತರ: ಕಂಟ್ರಾಕ್ಟರುಗಳಿಬ್ಬರೂ ಸುಳ್ಳು ಹೇಳಿರಲಿಕ್ಕಿಲ್ಲ. ಇಬ್ಬರ ಮನಸ್ಸಿನಲ್ಲಿರುವ ಬೇಲಿ ಬೇರೆ ಬೇರೆ, ಅಷ್ಟೆ. ಅಡಿಯ ದರ ಕೇಳಿದಾಗ ಆ ಒಂದಡಿಯಲ್ಲಿ ಏನೇನು ಇದೆ ಎಂದು ನಾವು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಆದ್ದರಿಂದ ನಿಮ್ಮ ಬೇಲಿಯನ್ನು ಮೊದಲು ಕಾಗದದ ಮೇಲೆ ಹಾಕಿ ನೋಡೋಣ. ಇಲ್ಲಿ ನಾನು ಹಿಡಿದಿರುವ ದರಗಳು ಲೆಕ್ಕ ಸಾಗಲಿಕ್ಕಾಗಿ ಮಾತ್ರ. ನಿಮ್ಮ ಪೇಟೆಯ ದರ ವಿಚಾರಿಸಿ ಅದನ್ನು ಹಾಕಿಕೊಳ್ಳಿ. ಕಂಬ ಎಷ್ಟು, ತಂತಿ ಎಷ್ಟು, ಕಲ್ಲು ಎಷ್ಟು ಎಂಬ ಸಂಖ್ಯೆಗಳು ಮಾತ್ರ ದರ ಏರಿಳಿದರೂ ಹಾಗೆಯೇ ಉಳಿಯುತ್ತವೆ.

ಅಳತೆಯಿಂದ ಶುರುಮಾಡೋಣ. ನೀವು ಐದು ಬದಿಗಳನ್ನೂ ಬರೆದು ಕಳಿಸಿದ್ದು ಒಳ್ಳೆಯದಾಯಿತು, ಏಕೆಂದರೆ ಸೆಂಟ್ಸಿನ ಲೆಕ್ಕದಿಂದ ಬೇಲಿಯ ಉದ್ದ ಸಿಗುವುದಿಲ್ಲ. 40 ಸೆಂಟ್ಸ್ ಎಂದರೆ 17,424 ಚದರಡಿ. ಜಾಗ ಚೌಕವಾಗಿದ್ದರೆ ಒಂದೊಂದು ಬದಿ 132 ಅಡಿ, ಸುತ್ತಳತೆ 528 ಅಡಿ. ಅದೇ 40 ಸೆಂಟ್ಸ್ 66 ಅಡಿ ಅಗಲ, 264 ಅಡಿ ಉದ್ದ ಇದ್ದರೆ ಸುತ್ತಳತೆ 660. ತೋಡಿನ ಬದಿಯಲ್ಲಿ ಪಟ್ಟಿಯಂತೆ 44 ಅಡಿ ಅಗಲ, 396 ಅಡಿ ಉದ್ದ ಇದ್ದರೆ 880. ಆಧಾರಪತ್ರದಲ್ಲಿ ವಿಸ್ತೀರ್ಣ ಒಂದೇ, ಬೇಲಿಯ ಖರ್ಚು ಒಂದೂವರೆ ಪಟ್ಟಿಗಿಂತಲೂ ಹೆಚ್ಚು. ನಿಮ್ಮದು 110, 168, 96, 92, 84 ಸೇರಿ 550 ಅಡಿ. ಗೇಟಿನ 12 ಅಡಿ ಕಳೆದರೆ 538.

ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಈ ಅಳತೆಗಳನ್ನು ಸರ್ವೆ ನಕ್ಷೆಯಿಂದ ಬರೆದುಕೊಂಡಿದ್ದರೆ ಅವು ಸಮತಲದ ಅಳತೆಗಳು. ನಿಮ್ಮ ಬಡಗು ಬದಿ ರಸ್ತೆಯಿಂದ ತೋಡಿಗೆ ಇಳಿಯುವ ಜಾಗ ಇರಬೇಕು. 168 ಅಡಿಗೆ 40 ಅಡಿ ಇಳಿಜಾರು ಇದ್ದರೆ ನೆಲದ ಮೇಲೆ ಟೇಪು ಎಳೆದಾಗ ಸುಮಾರು 173 ಅಡಿ ಬರುತ್ತದೆ. ತಂತಿ ನೆಲವನ್ನು ಅನುಸರಿಸಿ ಹೋಗುವುದರಿಂದ ಬೇಲಿಗೆ ನೆಲದ ಮೇಲಿನ ಅಳತೆಯೇ ಬೇಕು. ವ್ಯತ್ಯಾಸ ದೊಡ್ಡದಲ್ಲ, ಆದರೆ ತಂತಿ ಆರು ಸಾಲು ಎಳೆಯುವಾಗ ಆ 5 ಅಡಿ 30 ಅಡಿಯಾಗುತ್ತದೆ. ಸದ್ಯ ನಿಮ್ಮ ಸಂಖ್ಯೆಗಳನ್ನೇ ಹಿಡಿಯುತ್ತೇನೆ. ಅಳೆಯುವುದು ಗಡಿಕಲ್ಲಿನಿಂದ ಗಡಿಕಲ್ಲಿಗೆ, ಹಳೆಯ ಬೇಲಿಯ ಗುರುತಿನಿಂದ ಅಲ್ಲ ಎಂಬುದನ್ನು ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಈಗ ಕಂಬಗಳು. ಹೆಚ್ಚಿನವರು 538ನ್ನು 8ರಿಂದ ಭಾಗಿಸಿ 68 ಕಂಬ ಎನ್ನುತ್ತಾರೆ. ಅಲ್ಲೇ ಲೆಕ್ಕ ತಪ್ಪುವುದು. ಪ್ರತಿ ಬದಿಯೂ ಒಂದು ಕಂಬದಿಂದ ಶುರುವಾಗಿ ಒಂದು ಕಂಬದಲ್ಲೇ ಮುಗಿಯಬೇಕು, ಮೂಲೆಯಲ್ಲಿ ಅರ್ಧ ಕಂಬ ನೆಡಲಿಕ್ಕಾಗುವುದಿಲ್ಲ. ಹಾಗಾಗಿ ಒಂದೊಂದು ಬದಿಯನ್ನೂ ಬೇರೆ ಬೇರೆಯಾಗಿ ಭಾಗಿಸಿ, ಉತ್ತರವನ್ನು ಮೇಲಕ್ಕೆ ಪೂರ್ಣ ಮಾಡಿಕೊಳ್ಳಬೇಕು. ಗೇಟಿನಿಂದ ಬಡಗು ಮೂಲೆಗೆ 30 ಅಡಿ, ಅಲ್ಲಿ 4 ಅಂಕಣ (ಎರಡು ಕಂಬಗಳ ನಡುವಿನ ಜಾಗವನ್ನು ಅಂಕಣ ಎನ್ನುತ್ತೇನೆ). ಗೇಟಿನ ಇನ್ನೊಂದು ಬದಿಗೆ 68 ಅಡಿ, ಅಲ್ಲಿ 9. ಬಡಗಿನ 168 ಅಡಿಗೆ 21. ತೋಡಿನ ಬದಿಗೆ 12. ತೆಂಕಿನ ಎರಡು ತುಂಡಿಗೆ 12 ಮತ್ತು 11. ಒಟ್ಟು 69 ಅಂಕಣ. ಗೇಟಿನ ಒಂದು ಪಕ್ಕದಿಂದ ಹೊರಟು ಸುತ್ತು ಹಾಕಿ ಇನ್ನೊಂದು ಪಕ್ಕಕ್ಕೆ ಬರುವಾಗ ಅಂಕಣಕ್ಕಿಂತ ಒಂದು ಹೆಚ್ಚು, ಅಂದರೆ 70 ನೆಟ್ಟಗಿನ ಕಂಬ.

ಇಷ್ಟರಲ್ಲಿ ಮುಗಿಯಲಿಲ್ಲ. ತಂತಿಯನ್ನು ಬಿಗಿಯಾಗಿ ಎಳೆದಾಗ ಅದರ ಎಳೆತವೆಲ್ಲ ಬೀಳುವುದು ಮೂಲೆಗಂಬದ ಮೇಲೆ. ಮೂಲೆಗಂಬಕ್ಕೆ ಓರೆಯಾಗಿ ಇನ್ನೊಂದು ಕಂಬದ ಆಸರೆ ಕೊಡದಿದ್ದರೆ ಅದು ಒಳಕ್ಕೆ ವಾಲುತ್ತದೆ. ಮೂಲೆ ಒಂದು ಇಂಚು ಒಳಕ್ಕೆ ಬಂದರೆ ಆ ಬದಿಯ ತಂತಿಗಳೆಲ್ಲ ಜೋತುಬೀಳುತ್ತವೆ. ದನ ಕುತ್ತಿಗೆ ತೂರಿಸಿ ನಿಮ್ಮ ಹುಲ್ಲು ಮೇಯುವುದು ಆಮೇಲಿನ ಕತೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಮುಳ್ಳುತಂತಿ ಬೇಲಿಯ ವಿವರಣೆಯಲ್ಲೇ ಇದು ಬರುತ್ತದೆ: ಮೂಲೆಗಂಬಕ್ಕೂ ಪ್ರತಿ 15ನೇ ಕಂಬಕ್ಕೂ ಎರಡೂ ಕಡೆ ಓರೆಗಂಬ, ತುದಿಯ ಕಂಬಕ್ಕೆ ಒಂದು ಕಡೆ. ನಿಮ್ಮ ಜಾಗಕ್ಕೆ ನಾಲ್ಕು ಮೂಲೆ, ತೆಂಕಿನ ಒಂದು ತಿರುವು, ಐದಕ್ಕೂ ಎರಡೆರಡರಂತೆ 10. ಗೇಟಿನ ಎರಡು ಪಕ್ಕಕ್ಕೆ ಒಂದೊಂದು. ಬಡಗಿನ ಉದ್ದ ಬದಿಯಲ್ಲಿ ನಡುವಿನ ಒಂದು ಕಂಬಕ್ಕೆ 2. ಒಟ್ಟು 14 ಓರೆಗಂಬ. ಇಳಿಸುವಾಗ ಮುರಿಯುವುದಕ್ಕೆಂದು 2 ಸೇರಿಸಿ. 70, 14, 2 ಸೇರಿದರೆ 86. ಬರೀ ಭಾಗಾಕಾರ ಮಾಡಿದವನ ಲೆಕ್ಕಕ್ಕಿಂತ 18 ಕಂಬ ಹೆಚ್ಚು. 7 ಅಡಿಯ ಸಿಮೆಂಟ್ ಕಂಬಕ್ಕೆ ಜಾಗಕ್ಕೆ ತಂದು ಇಳಿಸಿ 400 ರೂಪಾಯಿ ಹಿಡಿದರೆ 34,400.

ಕಂಬ ಕೊಳ್ಳುವಾಗ ಒಂದೆರಡನ್ನು ತುದಿ ಹಿಡಿದು ಎತ್ತಿಸಿ ನೋಡಿ. ಒಳಗೆ ಕಬ್ಬಿಣ ಕಡಿಮೆ ಇದ್ದರೆ ಅಥವಾ ಅಚ್ಚಿನಿಂದ ತೆಗೆದ ಮೇಲೆ ಸಾಕಷ್ಟು ದಿನ ನೀರು ಉಣಿಸದಿದ್ದರೆ, ಎತ್ತಿದ ಕೂಡಲೇ ನಡುವೆ ಕೂದಲೆಳೆಯಂಥ ಬಿರುಕು ಕಾಣುತ್ತದೆ. ನಮ್ಮ ಕಡೆಯ ಮಳೆಗೆ ಆ ಬಿರುಕಿನಿಂದ ನೀರು ಇಳಿದು, ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ, ಸಿಮೆಂಟು ಹೋಳುಹೋಳಾಗಿ ಉದುರುತ್ತದೆ. ಅಂಥ ರಾಶಿಯಿಂದ ಒಂದು ಕಂಬವೂ ಬೇಡ.

ತಂತಿಗೆ ಬರೋಣ. 7 ಅಡಿಯ ಕಂಬದಲ್ಲಿ 2 ಅಡಿ ನೆಲದೊಳಗೆ ಹೋದರೆ ಮೇಲೆ 5 ಅಡಿ ಉಳಿಯುತ್ತದೆ. ನಾನು ಆರು ಸಾಲು ಹೇಳುತ್ತೇನೆ, ಕೆಳಗೆ ಒತ್ತಾಗಿ, ಮೇಲೆ ಹೋದಂತೆ ಬಿಡಿಯಾಗಿ: ನೆಲದಿಂದ 6 ಇಂಚು, ಮತ್ತೆ 6, ಆಮೇಲೆ 8, 10, 12, 12. ಮೇಲಿನ ತಂತಿ ನಾಲ್ಕೂವರೆ ಅಡಿಯಲ್ಲಿ ಬರುತ್ತದೆ. ಆರು ಸಾಲಿಗೆ 538 ಅಡಿಯಂತೆ 3,228 ಅಡಿ. ಇದಲ್ಲದೆ ಮೂಲೆಗಳ ಮತ್ತು ಗೇಟಿನ ಪಕ್ಕದ 12 ಅಂಕಣಗಳಲ್ಲಿ ಕತ್ತರಿಯಾಕಾರದಲ್ಲಿ ಎರಡೆರಡು ಓರೆ ತಂತಿ ಕೊಡಬೇಕು. ಒಂದು ಅಂಕಣಕ್ಕೆ ಸುಮಾರು 18 ಅಡಿ, ಒಟ್ಟು 215 ಅಡಿ. ಕಟ್ಟುವಲ್ಲಿ, ಸುತ್ತುವಲ್ಲಿ ಹೋಗುವುದಕ್ಕೆ ನೂರಕ್ಕೆ 5 ಸೇರಿಸಿದರೆ 3,615 ಅಡಿ, ಅಂದರೆ ಸುಮಾರು 1,100 ಮೀಟರ್.

ಅಂಗಡಿಯಲ್ಲಿ ತಂತಿ ಮಾರುವುದು ಕಿಲೋ ಲೆಕ್ಕದಲ್ಲಿ, ನಿಮಗೆ ಬೇಕಾಗಿರುವುದು ಮೀಟರ್ ಲೆಕ್ಕದಲ್ಲಿ. ಎರಡು ಎಳೆಯೂ ಮುಳ್ಳೂ 12 ಗೇಜಿನದಾದರೆ ಕಿಲೋಗೆ 7ರಿಂದ 8 ಮೀಟರ್ ಬರುತ್ತದೆ, 14 ಗೇಜಿನದಾದರೆ ಸುಮಾರು 12 ಮೀಟರ್. ಮುಳ್ಳುಗಳು 3 ಇಂಚಿಗೊಂದೋ 6 ಇಂಚಿಗೊಂದೋ ಎಂಬುದರ ಮೇಲೂ ಇದು ಬದಲಾಗುತ್ತದೆ. ಕಣ್ಣಿಗೆ 12 ಮತ್ತು 14 ಗೇಜಿನ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ಅಂಗಡಿಯವರು ಹೇಳಿದ್ದೇ ಗೇಜು. ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಸುರುಳಿಯಿಂದ ಸರಿಯಾಗಿ ಒಂದು ಮೀಟರ್ ತುಂಡು ಕತ್ತರಿಸಿ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಡಿ. 130 ಗ್ರಾಂ ಆಸುಪಾಸು ತೋರಿಸಿದರೆ 12 ಗೇಜು, 80 ಗ್ರಾಂ ಹತ್ತಿರ ಇದ್ದರೆ 14. ಸರಕಾರಿ ಕೆಲಸಕ್ಕೆ ಲೋಕೋಪಯೋಗಿ ದರಪಟ್ಟಿಯಲ್ಲಿ 100 ಮೀಟರಿಗೆ ಕನಿಷ್ಠ 9.38 ಕಿಲೋ ಎಂದಿದೆ, ಅಂದರೆ ಮೀಟರಿಗೆ 94 ಗ್ರಾಂ. ಅದಕ್ಕಿಂತ ಕಡಿಮೆ ತೂಗುವ ತಂತಿಯನ್ನು ನಾನಂತೂ ಗಡಿಗೆ ಹಾಕಲಾರೆ.

ನಿಮ್ಮ 1,100 ಮೀಟರಿಗೆ 12 ಗೇಜಾದರೆ 147 ಕಿಲೋ, 14 ಆದರೆ 92 ಕಿಲೋ. ಕಿಲೋಗೆ 90 ರೂಪಾಯಿ ಹಿಡಿದರೆ ಒಂದು 13,230, ಇನ್ನೊಂದು 8,280. ಎರಡಕ್ಕೂ ಇರುವ ಅಂತರ 5,000 ರೂಪಾಯಿಯೊಳಗೆ, ಅಡಿಗೆ 9 ರೂಪಾಯಿ. ಕಂಬಕ್ಕೂ ಕೂಲಿಗೂ 60 ಸಾವಿರದ ಮೇಲೆ ಸುರಿದು, ತಂತಿಯಲ್ಲಿ 5 ಸಾವಿರ ಉಳಿಸುವುದು ಯಾವ ಲೆಕ್ಕವೂ ಅಲ್ಲ. ಕಂಬಕ್ಕೆ ತಂತಿ ಬಿಗಿಯಲು ಬರೀ ಜಿಐ ತಂತಿ 4 ಕಿಲೋ ಬೇಕು, 400 ರೂಪಾಯಿ ಇಡಿ. ಕೆಲವರು ಸಾಲಿನಲ್ಲಿ ಸಿಕ್ಕಿದ ತೇಗಕ್ಕೋ ಹಲಸಿಗೋ ಮೊಳೆ ಹೊಡೆದು ಕಂಬ ಉಳಿಸುತ್ತಾರೆ. ನಾಲ್ಕೈದು ವರ್ಷದಲ್ಲಿ ಮರ ತಂತಿಯನ್ನು ನುಂಗುತ್ತದೆ, ಆಮೇಲೆ ತಂತಿ ಬದಲಾಯಿಸಲೂ ಆಗದು, ಮರವನ್ನು ಮಿಲ್ಲಿನವರು ಮುಟ್ಟಲೂ ಆಗದು.

ಹಂದಿಯ ಕಾಟ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಈ ಬೇಲಿಯಿಂದ ಹೆಚ್ಚೇನೂ ನಿರೀಕ್ಷಿಸಬೇಡಿ. ಮುಳ್ಳುತಂತಿ ದನಕ್ಕೆ, ಮನುಷ್ಯರಿಗೆ ಗಡಿ ತೋರಿಸುತ್ತದೆ. ಹಂದಿ ಕೆಳಗಿನ ಸಾಲನ್ನು ಮೂತಿಯಿಂದ ಎತ್ತಿ ನುಸುಳುತ್ತದೆ.

ಗುಂಡಿ ಮತ್ತು ಕೂಲಿಯ ಲೆಕ್ಕವೇ ನಮ್ಮ ನೆಲದಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವುದು. ಒಂದಡಿ ಚೌಕ, ಎರಡಡಿ ಆಳದ ಗುಂಡಿಯನ್ನು ಮೆದು ಮಣ್ಣಿನಲ್ಲಿ ಒಬ್ಬ ಆಳು ದಿನಕ್ಕೆ ಹತ್ತು ಹನ್ನೆರಡು ತೋಡಿಯಾನು. ಅರ್ಧ ಅಡಿಗೆ ಮುರಕಲ್ಲು ಸಿಕ್ಕಿತೆಂದರೆ ಪಿಕ್ಕಾಸು ಹಿಡಿದವನಿಗೆ ನಾಲ್ಕೈದಾದರೆ ದೊಡ್ಡದು. ಕಂಬ ತರಿಸುವ ಮೊದಲೇ ಪ್ರತಿ ಬದಿಯಲ್ಲೂ ಒಂದೊಂದು ಪರೀಕ್ಷಾ ಗುಂಡಿ ತೋಡಿಸಿ, ಕೈಗಡಿಯಾರ ನೋಡಿಕೊಳ್ಳಿ. ಆ ಐದು ಗುಂಡಿಗಳು ಕೂಲಿಯ ಅಂದಾಜನ್ನು ಯಾವ ಕಂಟ್ರಾಕ್ಟರಿಗಿಂತಲೂ ಸರಿಯಾಗಿ ಹೇಳುತ್ತವೆ. ಮಳೆ ಬಿಟ್ಟ ಕೂಡಲೇ, ನೆಲದಲ್ಲಿ ಇನ್ನೂ ಪಸೆ ಇರುವಾಗ ಗುಂಡಿ ತೋಡಿಸಿದರೆ ಒಳ್ಳೆಯದು. ಮಾರ್ಚ್ ಬಂದರೆ ಅದೇ ನೆಲ ಕಲ್ಲಾಗಿರುತ್ತದೆ, ಅದೇ ಕೆಲಸಕ್ಕೆ ಆಳು ಹೆಚ್ಚು ಬೇಕಾಗುತ್ತದೆ.

ಸರಾಸರಿ ದಿನಕ್ಕೆ 8 ಗುಂಡಿ ಹಿಡಿಯೋಣ. 70 ಕಂಬ, 14 ಓರೆಗಂಬ, ಒಟ್ಟು 84 ಗುಂಡಿಗೆ 11 ಆಳು. ಕಂಬ ನಿಲ್ಲಿಸಿ, ದಾರ ಹಿಡಿದು, ತೂಗುಗುಂಡು ಬಿಟ್ಟು ಬಿಗಿಯಲು ಮೂವರ ತಂಡಕ್ಕೆ ಮೂರು ದಿನ, 9 ಆಳು. ತಂತಿ ಎಳೆದು ಕಟ್ಟಲು 8. ಸಾಲಿನ ಪೊದೆ ಕಡಿಯಲು 2. ಒಟ್ಟು 30 ಆಳು. ಸರಾಸರಿ ಕೂಲಿ 1,000 ಹಿಡಿದರೆ 30,000 ರೂಪಾಯಿ.

ಕಾಂಕ್ರೀಟು ಎಲ್ಲ ಗುಂಡಿಗೂ ಬೇಕಾಗಿಲ್ಲ. ಬಡಗಿನ ಗಟ್ಟಿ ನೆಲದಲ್ಲಿ ನಡುವಿನ ಕಂಬಗಳ ಸುತ್ತ ಮುರಕಲ್ಲಿನ ಚೂರು, ಮಣ್ಣು ಪದರ ಪದರವಾಗಿ ಹಾಕಿ ಗುದ್ದಿದರೆ ಸಾಕು, ಕಂಬ ಅಲುಗಾಡದು. ಎಳೆತ ಬೀಳುವ 8 ಕಂಬಗಳಿಗೆ (ಐದು ಮೂಲೆ-ತಿರುವು, ಗೇಟಿನ ಎರಡು, ಬಡಗಿನ ನಡುವಿನ ಒಂದು), 14 ಓರೆಗಂಬಗಳಿಗೆ, ಮತ್ತೆ ತೋಡಿನ ಬದಿಯ ಮೆದು ಮಣ್ಣಿನಲ್ಲಿರುವ 11 ಕಂಬಗಳಿಗೆ ಕಾಂಕ್ರೀಟು ಹಾಕಲೇಬೇಕು. ಎಲ್ಲ ಸೇರಿ ಸುಮಾರು 53 ಘನ ಅಡಿ. 1:4:8ರ ಮಿಶ್ರಣಕ್ಕೆ 6 ಚೀಲ ಸಿಮೆಂಟು, 25 ಘನ ಅಡಿ ಹೊಯಿಗೆ, 50 ಘನ ಅಡಿ ಜಲ್ಲಿ. ಚೀಲಕ್ಕೆ 400, ಹೊಯಿಗೆ ಅಡಿಗೆ 70, ಜಲ್ಲಿ ಅಡಿಗೆ 50ರಂತೆ 6,650 ರೂಪಾಯಿ.

ಈಗ ಕೂಡಿಸಿ: ಕಂಬ 34,400, ಕಾಂಕ್ರೀಟು 6,650, ಮುಳ್ಳುತಂತಿ 13,230, ಕಟ್ಟುವ ತಂತಿ 400, ಕೂಲಿ 30,000. ಒಟ್ಟು 84,680. ಮೇಲುಖರ್ಚಿಗೆ ನೂರಕ್ಕೆ 5 ಇಟ್ಟರೆ 88,900 ಆಯಿತು, ಅಡಿಗೆ 165 ರೂಪಾಯಿ. ಇದರ ಮೇಲೆ ಕಂಟ್ರಾಕ್ಟರಿನ ಲಾಭ ನೂರಕ್ಕೆ ಹತ್ತರಷ್ಟು ಸೇರಿದರೆ 180ರ ಹತ್ತಿರ ಬರುತ್ತದೆ. ನಿಮ್ಮ ಎರಡನೆಯ ಕಂಟ್ರಾಕ್ಟರ್ ಬಹುಶಃ ಇಂಥದ್ದೇ ಬೇಲಿಯನ್ನು ಮನಸ್ಸಿನಲ್ಲಿಟ್ಟು ಹೇಳಿದ್ದಾರೆ.

ಹಾಗಾದರೆ 105 ಎಲ್ಲಿಂದ ಬಂತು? 10 ಅಡಿಗೊಂದು ಕಂಬ ಹಾಕಿದರೆ ನಿಮ್ಮ ಜಾಗಕ್ಕೆ 57 ಕಂಬ ಸಾಕು. ಓರೆಗಂಬ ಇಲ್ಲ, ಕಾಂಕ್ರೀಟು ಇಲ್ಲ. ತಂತಿ ನಾಲ್ಕೇ ಸಾಲು, 14 ಗೇಜು, ಅದು 58 ಕಿಲೋ. ಆಳು 18. ಕಂಬಕ್ಕೆ 22,800, ಮುಳ್ಳುತಂತಿಗೆ 5,220, ಕಟ್ಟುವ ತಂತಿಗೆ 300, ಕೂಲಿಗೆ 18,000, ಒಟ್ಟು 46,320. ಅಡಿಗೆ 86 ರೂಪಾಯಿ. ಮೇಲಿನಂತೆಯೇ ಮೇಲುಖರ್ಚು, ಲಾಭ ಸೇರಿಸಿದರೆ 100ರ ಹತ್ತಿರ, ಲಾಭ ಸ್ವಲ್ಪ ಹೆಚ್ಚು ಹಿಡಿದರೆ 105. ಇವರೂ ನಿಮ್ಮನ್ನು ಮೋಸ ಮಾಡಲು ಹೊರಟಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾರೆ. 10 ಅಡಿ ಅಂತರವೇ ತಪ್ಪು ಎಂದೂ ಅಲ್ಲ. ಇಲಾಖೆಯ ವಿವರಣೆಯಲ್ಲೂ 3 ಮೀಟರಿಗೊಂದು ಕಂಬ. ಆದರೆ ಅಲ್ಲಿ ಎಲ್ಲ ಕಂಬಕ್ಕೂ ಕಾಂಕ್ರೀಟು, ಪ್ರತಿ ಅಂಕಣಕ್ಕೂ ಓರೆ ತಂತಿ ಇದೆ. ಅದೆಲ್ಲ ಬಿಟ್ಟು ಅಂತರವನ್ನು ಮಾತ್ರ ಎರವಲು ತಂದರೆ ಎರಡನೆಯ ಮಳೆಗಾಲಕ್ಕೆ ಮೂಲೆ ವಾಲುತ್ತದೆ. ಖರ್ಚು ಇಳಿಸಲೇಬೇಕಾದರೆ ಅಂತರವನ್ನು 10 ಅಡಿಗೆ ಒಯ್ಯಿರಿ, ಒಂದು ಸಾಲು ತಂತಿ ಬಿಡಿ. ಓರೆಗಂಬವನ್ನು ಮಾತ್ರ ಬಿಡಬೇಡಿ.

ಇನ್ನು ಪಾಗಾರ. ಸುತ್ತಲೂ ಬೇಡ, ರಸ್ತೆಯ ಬದಿಗೆ ಮಾತ್ರ ಲೆಕ್ಕ ಹಾಕಿ ತೋರಿಸುತ್ತೇನೆ, ಉಳಿದದ್ದನ್ನು ನೀವೇ ಗುಣಿಸಿಕೊಳ್ಳಬಹುದು. ಕಲ್ಲಿನ ಅಳತೆ ಕೋರೆಯಿಂದ ಕೋರೆಗೆ ಬದಲಾಗುತ್ತದೆ, ಲಾರಿ ಬರುವ ಮುನ್ನ ಕೋರೆಗೇ ಹೋಗಿ ಟೇಪು ಹಿಡಿಯಿರಿ. 15×9×7 ಇಂಚಿನ ಕಲ್ಲು ಎಂದು ಇಟ್ಟುಕೊಳ್ಳೋಣ, ಸಂದಿಗೆ ಅರ್ಧ ಇಂಚು ಗಾರೆ. ಕಲ್ಲನ್ನು 9 ಇಂಚು ಎತ್ತರಕ್ಕೆ ನಿಲ್ಲಿಸಿ 7 ಇಂಚು ದಪ್ಪದ ಗೋಡೆ ಕಟ್ಟಿದರೆ ಒಂದು ಕಲ್ಲು ಹೆಚ್ಚುಕಡಿಮೆ ಒಂದು ಚದರಡಿ ಮುಚ್ಚುತ್ತದೆ. 7 ಇಂಚು ಎತ್ತರಕ್ಕೆ ಮಲಗಿಸಿ 9 ಇಂಚು ದಪ್ಪ ಕಟ್ಟಿದರೆ ನೂರು ಚದರಡಿಗೆ 124 ಕಲ್ಲು ಬೇಕು. ದಪ್ಪ ಎರಡಿಂಚು ಹೆಚ್ಚಾದದ್ದಕ್ಕೆ ಕಲ್ಲು ಕಾಲು ಪಾಲು ಹೆಚ್ಚು. 4 ಅಡಿ ಎತ್ತರದ ಪಾಗಾರಕ್ಕೆ 7 ಇಂಚು ಸಾಕು, ಆದರೆ 10 ಅಡಿಯೊಳಗೆ ಒಂದೊಂದು ಕಂಬ ಕಟ್ಟಿಸಬೇಕು.

ರಸ್ತೆ ಬದಿಯ 110 ಅಡಿಯಲ್ಲಿ ಗೇಟು 12, ಗೇಟಿನ ಕಂಬ ಎರಡು 4 ಅಡಿ, ಗೋಡೆಗೆ ಉಳಿದದ್ದು 94 ಅಡಿ. ನೆಲದಿಂದ ಮೇಲೆ 5 ಸಾಲು, ಅದಕ್ಕೆ 364 ಕಲ್ಲು. ಜನ ಮರೆಯುವುದು ನೆಲದ ಕೆಳಗಿನದ್ದನ್ನು. ಪಾಯಕ್ಕೆ ಕಲ್ಲನ್ನು ಅಡ್ಡಡ್ಡ ಇಟ್ಟು 15 ಇಂಚು ಅಗಲದ ಎರಡು ಸಾಲು, ಅದಕ್ಕೇ 238 ಕಲ್ಲು. ಮೇಲೆ ಕಾಣುವ ಪ್ರತಿ ಮೂರು ಕಲ್ಲಿಗೆ ಮಣ್ಣಿನೊಳಗೆ ಎರಡು ಕಲ್ಲು ಹೋಗುತ್ತದೆ. ನಡುಗಂಬ 10ಕ್ಕೆ 50. ಗೇಟಿನ ಕಂಬಕ್ಕೆ ಒಂದು ಸಾಲಿಗೆ ನಾಲ್ಕು ಕಲ್ಲು, ಒಂದರ ತಲೆ ಇನ್ನೊಂದರ ಬದಿಗೆ ಬರುವಂತೆ ಸುತ್ತಲೂ ಇಟ್ಟರೆ ಸರಿಯಾಗಿ 24 ಇಂಚಿನ ಚೌಕ ಬರುತ್ತದೆ, ನಡುವೆ 6 ಇಂಚಿನ ತೂತು ಉಳಿಯುತ್ತದೆ. ಆ ತೂತಿಗೆ ಸರಳು ಇಳಿಸಿ ಕಾಂಕ್ರೀಟು ತುಂಬಿಸಿದರೆ ಗೇಟಿನ ತಿರುಗಣೆ ಅಲ್ಲಾಡದು. 6 ಅಡಿ ಎತ್ತರಕ್ಕೆ, ಪಾಯ ಸೇರಿ, ಎರಡು ಕಂಬಕ್ಕೆ 96 ಕಲ್ಲು. ಎಲ್ಲ ಕೂಡಿ 748. ಒಡೆಯುವುದು, ಕಡಿಯುವುದು ಸೇರಿಸಿ 800 ತರಿಸಿ. ಕಲ್ಲಿಗೆ 55ರಂತೆ 44,000.

ಲಾರಿ ಬಂದಾಗ ಕಲ್ಲಿನ ಮೈ ನೋಡಿ. ಬಿಳಿ ಮಣ್ಣಿನ ಗಂಟುಗಳು ಎದ್ದು ಕಾಣುವ ಕಲ್ಲು ಮಳೆಗೆ ಕರಗುತ್ತದೆ, ಮೊಳೆಯಿಂದ ಗೀಚಿದರೆ ಪುಡಿ ಉದುರುತ್ತದೆ. ಅಂಥದ್ದನ್ನು ಪಾಯಕ್ಕೂ ಹಾಕಬಾರದು. ಈಗಷ್ಟೇ ಕಡಿದ ಕಲ್ಲು ಸ್ವಲ್ಪ ಮೆದುವಾಗಿದ್ದರೆ ಚಿಂತೆ ಇಲ್ಲ, ಗಾಳಿ ಬಿಸಿಲಿಗೆ ಬಿಟ್ಟರೆ ಅದು ಗಟ್ಟಿಯಾಗುತ್ತದೆ.

ಪಾಯದಡಿಯ 4 ಇಂಚು ಕಾಂಕ್ರೀಟು, 1:6ರ ಗಾರೆ, ತಲೆಯ ಮೇಲಿನ 2 ಇಂಚಿನ ಕಾಂಕ್ರೀಟು ಪಟ್ಟಿ, ಗೇಟಿನ ಕಂಬದ ತುಂಬು, ಇಷ್ಟಕ್ಕೆ 20 ಚೀಲ ಸಿಮೆಂಟು, 110 ಘನ ಅಡಿ ಹೊಯಿಗೆ, 65 ಘನ ಅಡಿ ಜಲ್ಲಿ. ಅದು 18,950 ರೂಪಾಯಿ. ಮೇಸ್ತ್ರಿ ದಿನಕ್ಕೆ 90 ಕಲ್ಲು ಇಟ್ಟರೆ 9 ದಿನ, ಕಾಂಕ್ರೀಟಿಗೆ 2 ದಿನ, ಒಟ್ಟು 11 ದಿನಕ್ಕೆ 1,200ರಂತೆ 13,200. ಕಣಿ ತೆಗೆಯುವ 5 ಆಳೂ ಸೇರಿ 20 ಆಳಿಗೆ 20,000. ಎಲ್ಲ ಕೂಡಿ 96,150, ಮೇಲುಖರ್ಚು ಸೇರಿ 1,01,000. ಗೇಟು ಬಿಟ್ಟ 98 ಅಡಿಗೆ ಹಂಚಿದರೆ ಅಡಿಗೆ 1,030. ಇದು ಸಾರಣೆ ಇಲ್ಲದ, ಬಣ್ಣ ಇಲ್ಲದ ಗೋಡೆ.

ಸುತ್ತಲೂ ಇದನ್ನೇ ಕಟ್ಟಿದರೆ ಐದೂವರೆ ಲಕ್ಷ, ಮುಳ್ಳುತಂತಿಯ ಆರು ಪಾಲು. ರಸ್ತೆ ಬದಿಗೆ ಪಾಗಾರ, ಉಳಿದ 440 ಅಡಿಗೆ ತಂತಿ ಎಂದಾದರೆ 1,01,000ಕ್ಕೆ 72,600 ಸೇರಿ 1,74,000ದ ಹತ್ತಿರ ಬರುತ್ತದೆ, ಗೇಟು ಬೇರೆ. ನನ್ನನ್ನು ಕೇಳಿದರೆ ಇದೇ ಸರಿ. ತೋಡಿನ ಬದಿಗಂತೂ ಗೋಡೆ ಬೇಡವೇ ಬೇಡ. ಆಟಿ ತಿಂಗಳಲ್ಲಿ ಮೇಲಿನಿಂದ ಇಳಿಯುವ ನೀರನ್ನು 7 ಇಂಚಿನ ಗೋಡೆ ತಡೆದು ನಿಲ್ಲಿಸಿದರೆ ಮೊದಲು ಪಾಯದ ಮಣ್ಣು ಹೋಗುತ್ತದೆ, ಆಮೇಲೆ ಗೋಡೆ. ತಂತಿಯಾದರೆ ನೀರು ಅದರ ಪಾಡಿಗೆ ದಾಟಿ ಹೋಗುತ್ತದೆ. ಇನ್ನು ಸಾರ್ವಜನಿಕ ರಸ್ತೆಗೆ ತಾಗಿ ಪಾಗಾರ ಕಟ್ಟುವ ಮೊದಲು ಪಂಚಾಯತಿನ ಅನುಮತಿ ಬೇಕು. ಪಾಯದ ಸಾಲು ಎಲ್ಲಿ ಬರಬೇಕೆಂದು ಅಲ್ಲಿ ಕೇಳಿಕೊಂಡೇ ದಾರ ಹಿಡಿಯಿರಿ.

ಒಂದು ಸಂಗತಿ ನಿಮ್ಮ ಪತ್ರದಲ್ಲಿಲ್ಲ, ಅದು ಲೆಕ್ಕವನ್ನೇ ಬುಡಮೇಲು ಮಾಡಬಹುದು. ಬದಿಯಡ್ಕದ ಒಳರಸ್ತೆಗಳಲ್ಲಿ ಹಲವು ಕಡೆ ರಸ್ತೆ ತಗ್ಗಿನಲ್ಲಿದೆ, ಜಾಗ ಅದಕ್ಕಿಂತ ಮೂರು ನಾಲ್ಕು ಅಡಿ ಎತ್ತರ. ನಿಮ್ಮದೂ ಹಾಗಿದ್ದು, ರಸ್ತೆಯ ಮಟ್ಟದಿಂದ ಗೋಡೆ ಎಬ್ಬಿಸಿ ಒಳಗೆ ಮಣ್ಣು ತುಂಬುವ ಯೋಚನೆ ಇದ್ದರೆ, ಮೇಲಿನ ಪಾಗಾರದ ಲೆಕ್ಕ ಅನ್ವಯಿಸುವುದಿಲ್ಲ. ಅದು ಮಣ್ಣು ತಡೆಯುವ ಗೋಡೆ. ನೀರು ಕುಡಿದ ಮಣ್ಣು ತಳ್ಳುವಾಗ 7 ಇಂಚಿನ ಗೋಡೆ ಹೊಟ್ಟೆ ಬಿಟ್ಟುಕೊಂಡು ರಸ್ತೆಗೆ ಬೀಳುತ್ತದೆ. ಅದಕ್ಕೆ ಕೆಳಗೆ ಅಗಲ, ಮೇಲೆ ಸಪೂರ ಇರುವ ಕಗ್ಗಲ್ಲಿನ ಗೋಡೆ ಬೇಕು, ನೀರು ಹೊರಹೋಗಲು ಕೊಳವೆ, ಹಿಂದೆ ಜಲ್ಲಿಯ ತುಂಬು ಬೇಕು. ಅದರ ಅಂದಾಜನ್ನು ಉದ್ದದ ಅಡಿಯಲ್ಲಿ ಅಲ್ಲ, ಘನ ಅಳತೆಯಲ್ಲಿ, ಜಾಗ ನೋಡಿದ ಎಂಜಿನಿಯರರಿಂದಲೇ ಮಾಡಿಸಬೇಕು. ರಸ್ತೆಗೂ ಜಾಗಕ್ಕೂ ಎತ್ತರದ ಅಂತರ ಒಂದೆರಡು ಅಡಿಗಿಂತ ಹೆಚ್ಚಿದ್ದರೆ ದರೆಯ ಅಂಚಿನಿಂದ ಎರಡು ಮೂರಡಿ ಹಿಂದಕ್ಕೆ ಸರಿದು, ಮೇಲಿನ ಗಟ್ಟಿ ನೆಲದಲ್ಲಿ ತಂತಿ ಬೇಲಿ ಹಾಕುವುದು ಸೋವಿ.

ಇಬ್ಬರು ಕಂಟ್ರಾಕ್ಟರುಗಳನ್ನೂ ಮತ್ತೆ ಕರೆಯಿರಿ. ಈ ಸಲ ಅಡಿಯ ದರ ಕೇಳಬೇಡಿ. 70 ನೆಟ್ಟಗಿನ ಕಂಬ, 14 ಓರೆಗಂಬ, 33 ಗುಂಡಿಗೆ ಕಾಂಕ್ರೀಟು, ಆರು ಸಾಲು ತಂತಿ, ಮೀಟರಿಗೆ 130 ಗ್ರಾಂ ತೂಕ ಎಂದು ಒಂದು ಹಾಳೆಯಲ್ಲಿ ಬರೆದು, ಇಬ್ಬರ ಕೈಗೂ ಅದನ್ನೇ ಕೊಟ್ಟು, ಒಟ್ಟು ಮೊತ್ತ ಬರೆಸಿಕೊಳ್ಳಿ. ಬಂಡೆ ಸಿಕ್ಕಿದ ಗುಂಡಿಗೆ ಹೆಚ್ಚುವರಿ ಎಷ್ಟು ಎಂಬುದನ್ನೂ ಆಗಲೇ ಮಾತಾಡಿ. ಕೊನೆಯ ಕಂತನ್ನು ತಂತಿ ಎಳೆದ ದಿನ ಕೊಡಬೇಡಿ. ಹತ್ತು ಹದಿನೈದು ದಿನ ಕಳೆದ ಮೇಲೆ ಮೂಲೆಗಂಬಕ್ಕೆ ತೂಗುಗುಂಡು ಬಿಟ್ಟು ನೋಡಿ, ನೆಟ್ಟಗಿದ್ದರೆ ಆಗ ಕೊಡಿ.